ಮಾದಲದ ಲೆಕ್ಕದಲ್ಲಿ ಅಳಿಸಿಹೋದ ಅಂಕಿ

(ಮಹಾಪೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಗಣಿತದ ವಿಷಯ ಎಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾದ ಮೇಲೂ ಇಷ್ಟು ಜನ ಬಂದಿದ್ದೀರಿ. ಅದಕ್ಕೆ ತಕ್ಕಂತೆ ನಾನೂ ನಡೆದುಕೊಳ್ಳಬೇಕು. ಹಾಗಾಗಿ ಇವತ್ತು ಮಾತನಾಡುವುದು ಒಂದೇ ಸಂಗತಿಯ ಬಗ್ಗೆ. ಮಾತಿನಲ್ಲಿ ಕೊಟ್ಟ ಒಂದು ಲೆಕ್ಕ ಇದೆ. ಅದನ್ನು ಬಿಡಿಸಲು ಬೇಕಾದ ಅಂಕಿಗಳಲ್ಲಿ ಒಂದು ಇಲ್ಲ. ಅಚ್ಚಿನಲ್ಲಿ ಬಿಟ್ಟುಹೋಗಿರಬಹುದು, ಬೋರ್ಡಿನಿಂದ ನಕಲು ಮಾಡುವಾಗ ತಪ್ಪಿರಬಹುದು, ಕೇಳಿದವರೇ ಬೇಕೆಂದು ಬಿಟ್ಟಿರಬಹುದು. ಆಗ ಹುಡುಗರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ: "ಲೆಕ್ಕ ತಪ್ಪು" ಎಂದು ಬಿಟ್ಟುಬಿಡುತ್ತಾರೆ, ಇಲ್ಲವೇ ತಮಗೆ ತೋಚಿದ ಅಂಕಿ ಹಾಕಿ ಉತ್ತರ ಬರೆಯುತ್ತಾರೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಇರುವ ಅಂಕಿಗಳಿಂದ ಎಲ್ಲಿಯವರೆಗೆ ಹೋಗಬಹುದೋ ಅಲ್ಲಿಯವರೆಗೆ ಹೋಗಿ, ಅಲ್ಲಿಂದಾಚೆ ಆ ಇಲ್ಲದ ಅಂಕಿ ಏನನ್ನು ನಿರ್ಧರಿಸುತ್ತದೆ ಎಂದು ಹೇಳುವ ದಾರಿ ಅದು.

ಮೊದಲು ನಮ್ಮ ದಾರಿಯ ಲೆಕ್ಕವನ್ನೇ ನೋಡೋಣ. ಒಬ್ಬರು ಕಲ್ಯಾಣದಿಂದ ಶೀಳ್ ಫಾಟಾ ಮೇಲೆ ಮಹಾಪೆಗೆ ಕೆಲಸಕ್ಕೆ ಬರುತ್ತಾರೆ. ಬೆಳಿಗ್ಗೆ ಬರುವಾಗ ವೇಗ ಗಂಟೆಗೆ 20 ಕಿಲೋಮೀಟರ್. ರಾತ್ರಿ ಅದೇ ದಾರಿಯಲ್ಲಿ ಮರಳುವಾಗ 30 ಕಿಲೋಮೀಟರ್. ಹೋಗಿ ಬರುವ ಒಟ್ಟು ಪಯಣದ ಸರಾಸರಿ ವೇಗ ಎಷ್ಟು? ಒಟ್ಟು ಎಷ್ಟು ಹೊತ್ತು ಹಿಡಿಯಿತು? ಇಲ್ಲಿ ದೂರವನ್ನು ಹೇಳಿಲ್ಲ.

ಇಲ್ಲದ ದೂರಕ್ಕೆ d ಎಂಬ ಅಕ್ಷರ ಇಟ್ಟುಕೊಳ್ಳೋಣ. ಬರುವ ಸಮಯ d/20, ಹೋಗುವ ಸಮಯ d/30, ಎರಡೂ ಸೇರಿ d/12 ಗಂಟೆ. ಒಟ್ಟು ದೂರ 2d. ಸರಾಸರಿ ವೇಗಕ್ಕಾಗಿ 2d ಯನ್ನು d/12 ರಿಂದ ಭಾಗಿಸಿದರೆ d ಹೊರಟುಹೋಗಿ 24 ಉಳಿಯುತ್ತದೆ. ಅಂದರೆ ಮೊದಲ ಪ್ರಶ್ನೆಗೆ ದೂರ ಬೇಕಾಗಿಯೇ ಇರಲಿಲ್ಲ. ಎರಡನೆಯ ಪ್ರಶ್ನೆಗೆ ಬೇಕು. ಅದರ ಉತ್ತರ d/12 ಗಂಟೆ ಎಂಬಲ್ಲಿಗೆ ನಿಲ್ಲುತ್ತದೆ. ದೂರ ತಿಳಿದ ದಿನ ಅದನ್ನು 12 ರಿಂದ ಭಾಗಿಸಿಕೊಂಡರೆ ಸಾಕು. 20 ಮತ್ತು 30ರ ನಡುವಿನ 25 ಎಂದು ಬಾಯಿಗೆ ಬರುವ ಉತ್ತರ ಏಕೆ ತಪ್ಪು ಎಂಬುದೂ ಇಲ್ಲೇ ಕಾಣುತ್ತದೆ: ನಿಧಾನವಾಗಿ ಸಾಗಿದ ಹೊತ್ತು ಹೆಚ್ಚು, ಹಾಗಾಗಿ ಸರಾಸರಿ 20ರ ಕಡೆಗೆ ವಾಲುತ್ತದೆ.

ಒಂದೇ ಲೆಕ್ಕ, ಒಂದೇ ಅಂಕಿಯ ಕೊರತೆ. ಒಂದು ಪ್ರಶ್ನೆಗೆ ಪೂರ್ಣ ಉತ್ತರ ಸಿಕ್ಕಿತು, ಇನ್ನೊಂದಕ್ಕೆ ಸೂತ್ರ ಸಿಕ್ಕಿತು. ಎರಡಕ್ಕೂ "ಮಾಹಿತಿ ಸಾಲದು" ಎಂದು ಬರೆದಿದ್ದರೆ ಅರ್ಧ ತಪ್ಪಾಗುತ್ತಿತ್ತು. ಈ ವ್ಯತ್ಯಾಸವನ್ನು ಇನ್ನೂ ಚೆನ್ನಾಗಿ ತೋರಿಸುವ ಲೆಕ್ಕಗಳು ನಮ್ಮವರೇ ಬರೆದ ಪುಸ್ತಕವೊಂದರಲ್ಲಿವೆ.

ಆ ಪುಸ್ತಕ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'. ಕ್ರಿ.ಶ. 850ರ ಸುಮಾರಿನದು. ಭಾಷೆ ಸಂಸ್ಕೃತ. ಆದರೆ ಗ್ರಂಥದ ಆರಂಭದಲ್ಲೇ ಅವನು ಹಾಡಿ ಹೊಗಳುವ ದೊರೆ ಅಮೋಘವರ್ಷ ನೃಪತುಂಗ, ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ಅರಸು. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. 'ಕವಿರಾಜಮಾರ್ಗ' ಹುಟ್ಟಿದ್ದೂ ಇದೇ ದೊರೆಯ ಆಸ್ಥಾನದಲ್ಲಿ. ಮಳಖೇಡ ಇಲ್ಲಿಂದ ದೂರವೆನಿಸಬಹುದು. ಆದರೆ ಆಗ ಈ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅಮೋಘವರ್ಷನ ಸಾಮಂತರು. ಬೋರಿವಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳಿಗೆ ಹೋದವರು ಅವನ ಹೆಸರಿರುವ ಶಾಸನಗಳ ಮುಂದೆಯೇ ಹಾದು ಬಂದಿರುತ್ತೀರಿ. ಅವುಗಳಲ್ಲೊಂದು ಶಕ 799ರದು, ಅಂದರೆ ಕ್ರಿ.ಶ. 877ರ ಸುಮಾರಿನದು. ಮಹಾವೀರನ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವೂ ಬಂದಿದೆ.

ಇದರ ಮಿಶ್ರಕ ವ್ಯವಹಾರ ಎಂಬ ಅಧ್ಯಾಯದಲ್ಲಿ ಹಣ್ಣಿನ ಲೆಕ್ಕವೊಂದಿದೆ. ಅದರ ಸಾರ ಹೀಗೆ: 9 ಮಾದಲದ ಹಣ್ಣು ಮತ್ತು 7 ಬೇಲದ ಹಣ್ಣು ಸೇರಿ ಬೆಲೆ 107. 7 ಮಾದಲ ಮತ್ತು 9 ಬೇಲ ಸೇರಿ ಬೆಲೆ 101. ಒಂದು ಮಾದಲಕ್ಕೆ ಎಷ್ಟು, ಒಂದು ಬೇಲಕ್ಕೆ ಎಷ್ಟು? ಅಂಕಿಗಳೆಲ್ಲ ಇದ್ದರೆ ಇದು ಸುಲಭ. ಎರಡನ್ನೂ ಕೂಡಿದರೆ 16 ಮಾದಲ, 16 ಬೇಲ, ಬೆಲೆ 208. ಅಂದರೆ ಒಂದೊಂದು ಸೇರಿ 13. ಕಳೆದರೆ 2 ಮಾದಲದ ಬೆಲೆ 2 ಬೇಲದ ಬೆಲೆಗಿಂತ 6 ಹೆಚ್ಚು, ಅಂದರೆ ಮಾದಲ ಬೇಲಕ್ಕಿಂತ 3 ಹೆಚ್ಚು. ಮಾದಲ 8, ಬೇಲ 5.

ಈಗ ಓಲೆಗರಿಗೆ ಹುಳ ಹಿಡಿದು 101 ಎಂಬ ಅಂಕಿ ಹೋಯಿತು ಎಂದಿಟ್ಟುಕೊಳ್ಳೋಣ. 107 ಉಳಿದಿದೆ. 7 ಮಾದಲ, 9 ಬೇಲ ಎಂಬ ಮಾತೂ ಉಳಿದಿದೆ. ಅವುಗಳ ಒಟ್ಟು ಬೆಲೆ ಮಾತ್ರ ಇಲ್ಲ. ಏನೇನು ಹೇಳಬಹುದು?

ಹೋದ ಅಂಕಿಯನ್ನು N ಎನ್ನೋಣ. ಮಾದಲದ ಬೆಲೆ x, ಬೇಲದ ಬೆಲೆ y. ಹಿಂದಿನ ಹೆಜ್ಜೆಗಳನ್ನೇ ಇಟ್ಟರೆ x + y = (107 + N)/16 ಮತ್ತು x − y = (107 − N)/2. ಇವೆರಡರಿಂದ

x = (963 − 7N)/32, y = (9N − 749)/32.

ಇದೇ ಸಾಮಾನ್ಯ ರೂಪದ ಉತ್ತರ. N ಗೆ 101 ಹಾಕಿ ನೋಡಿದರೆ 8 ಮತ್ತು 5 ಬರುತ್ತವೆ. ಸೂತ್ರ ಸರಿಯಿದೆಯೇ ಎಂದು ತಿಳಿಯಲು ಹೀಗೆ ಗೊತ್ತಿರುವ ಬೆಲೆಯೊಂದನ್ನು ಹಾಕಿ ನೋಡುವುದು ಮೊದಲ ಪರೀಕ್ಷೆ.

ಸೂತ್ರ ಇನ್ನೂ ಕೆಲವನ್ನು ಹೇಳುತ್ತದೆ. N 107ಕ್ಕಿಂತ ಕಡಿಮೆಯಿದ್ದರೆ ಮಾದಲ ದುಬಾರಿ, ಹೆಚ್ಚಿದ್ದರೆ ಬೇಲ ದುಬಾರಿ, ಸರಿಯಾಗಿ 107 ಆದರೆ ಎರಡರ ಬೆಲೆಯೂ ಒಂದೇ. ಯಾವ ಹಣ್ಣನ್ನೂ ಪುಕ್ಕಟೆ ಕೊಡುವುದಿಲ್ಲವಾದ್ದರಿಂದ x, y ಎರಡೂ ಸೊನ್ನೆಗಿಂತ ಹೆಚ್ಚಿರಬೇಕು. ಹಾಗಿರಬೇಕಾದರೆ N ಪೂರ್ಣಾಂಕವಾಗಿದ್ದಲ್ಲಿ 84ಕ್ಕಿಂತ ಕಡಿಮೆಯಿರಲಾರದು, 137ಕ್ಕಿಂತ ಹೆಚ್ಚಿರಲಾರದು. ಹೋದ ಅಂಕಿ ನಮಗೆ ಗೊತ್ತಿಲ್ಲ, ಆದರೆ ಅದು ಎಲ್ಲೆಲ್ಲಿ ಇರಲಾರದು ಎಂಬುದು ಗೊತ್ತಾಯಿತು. ಯಾರಾದರೂ ಬಂದು "ಅಲ್ಲಿ 150 ಎಂದಿತ್ತು" ಎಂದರೆ ಓಲೆಗರಿ ನೋಡದೆಯೇ ಅಲ್ಲವೆನ್ನಬಹುದು.

ಇದಕ್ಕೆ ಇನ್ನೊಂದು ಷರತ್ತು ಸೇರಿಸೋಣ. ಬೆಲೆಗಳು ಪೂರ್ಣ ನಾಣ್ಯಗಳಲ್ಲಿವೆ, ಅರ್ಧ ಕಾಲು ಇಲ್ಲ. ಇದು ಲೆಕ್ಕದಲ್ಲಿ ಹೇಳಿದ ಮಾತಲ್ಲ, ನಾವು ಇಟ್ಟುಕೊಂಡ ಷರತ್ತು. ಆದ್ದರಿಂದ ಉತ್ತರದ ಮೊದಲ ಸಾಲಿನಲ್ಲೇ ಅದನ್ನು ಬರೆದು ತೋರಿಸಬೇಕು. ಈಗ ಉಳಿದ ಒಂದೇ ಸಾಲನ್ನು ನೋಡಿ: 9x + 7y = 107. ಎಲ್ಲವನ್ನೂ 7 ರಿಂದ ಭಾಗಿಸೋಣ. 7y ಯಲ್ಲಿ ಶೇಷ ಉಳಿಯುವುದಿಲ್ಲ. 107ರಲ್ಲಿ 7ನ್ನು 15 ಸಲ ತೆಗೆದರೆ ಶೇಷ 2. 9x ಎಂದರೆ 7x ಮತ್ತು 2x. ಆದ್ದರಿಂದ 2x ನ ಶೇಷವೂ 2 ಆಗಬೇಕು. ಹಾಗಾಗಲು x ನ ಬೆಲೆ 1, ಇಲ್ಲವೇ ಅದರಿಂದ ಏಳೇಳರಂತೆ ಏರಿದ 8, 15 ಮುಂತಾದವು. 15 ಆಗದು, ಅಷ್ಟಾದರೆ 9 ಮಾದಲದ ಬೆಲೆಯೇ 135 ಆಗಿ 107ನ್ನು ಮೀರುತ್ತದೆ. ಉಳಿದದ್ದು ಎರಡೇ: ಮಾದಲ 1, ಬೇಲ 14. ಅಥವಾ ಮಾದಲ 8, ಬೇಲ 5.

ಇದು ಗಮನಿಸಬೇಕಾದ ಸಂಗತಿ. ಎರಡು ಅವ್ಯಕ್ತಗಳಿಗೆ ಎರಡು ಸಮೀಕರಣ ಬೇಕು ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಒಂದೇ ಸಮೀಕರಣವಿದ್ದರೆ ಉತ್ತರಗಳು ಅನಂತ ಎನ್ನುತ್ತೇವೆ. ಭಿನ್ನರಾಶಿಗಳನ್ನು ಒಪ್ಪಿದರೆ ಅದು ನಿಜ. ಪೂರ್ಣಾಂಕ ಎಂಬ ಷರತ್ತು ಬಂದೊಡನೆ ಆ ಅನಂತ ಎರಡಕ್ಕೆ ಇಳಿಯಿತು. ಹೋದ ಅಂಕಿಗೂ ಎರಡೇ ಬೆಲೆ ಉಳಿದವು: ಮೊದಲ ಜೋಡಿಯಾದರೆ 7 + 126 = 133, ಎರಡನೆಯದಾದರೆ 56 + 45 = 101. ಇನ್ನು "ಮಾದಲ ಬೇಲಕ್ಕಿಂತ ದುಬಾರಿ" ಎಂಬ, ಅಂಕಿಯೇ ಇಲ್ಲದ ಒಂದು ಮಾತು ಸಿಕ್ಕರೂ ಸಾಕು. 101 ಎಂದು ಬರೆದು ಓಲೆಗರಿಯ ತೂತನ್ನು ತುಂಬಬಹುದು.

ಹೀಗೆ ಶೇಷವನ್ನು ಹಿಡಿದು ಪೂರ್ಣಾಂಕಗಳನ್ನು ಹುಡುಕುವ ವಿದ್ಯೆಗೆ ನಮ್ಮ ಗಣಿತದಲ್ಲಿ ಕುಟ್ಟಕ ಎಂದು ಹೆಸರು. ಆರ್ಯಭಟ ಕ್ರಿ.ಶ. 499ರಲ್ಲೇ ಅದನ್ನು ಸೂತ್ರವಾಗಿ ಹೇಳಿದ್ದ. ಮಹಾವೀರ ಇದೇ ಮಿಶ್ರಕ ಅಧ್ಯಾಯದಲ್ಲಿ ಕುಟ್ಟೀಕಾರವೆಂದು ಅದನ್ನು ವಿಸ್ತರಿಸುತ್ತಾನೆ. ಅಂಕಿ ಸಾಲದ ಲೆಕ್ಕ ಅವರಿಗೆ ಕೈಬಿಡುವ ವಸ್ತುವಾಗಿರಲಿಲ್ಲ, ಅದಕ್ಕೆಂದೇ ಒಂದು ವಿಧಾನವಿತ್ತು.

ಮಹಾವೀರ ಒಂದು ಅಂಕಿಯನ್ನು ಬೇಕೆಂದೇ ಬಿಟ್ಟ ಲೆಕ್ಕವೂ ಅಲ್ಲೇ ಇದೆ. ಮೂವರು ವರ್ತಕರು ದಾರಿಯಲ್ಲಿ ಬಿದ್ದಿದ್ದ ಹಣದ ಚೀಲವನ್ನು ಕಂಡರು. ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟು ನನ್ನದಾಗುತ್ತದೆ ಎಂದ ಮೊದಲನೆಯವ. ನನಗೆ ಸಿಕ್ಕರೆ ಮೂರರಷ್ಟು ಎಂದ ಎರಡನೆಯವ. ನನಗಾದರೆ ಐದರಷ್ಟು ಎಂದ ಮೂರನೆಯವ. ಚೀಲದಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಕೈಯಲ್ಲಿ ಎಷ್ಟಿತ್ತು?

ಹುಡುಕಬೇಕಾದದ್ದು ನಾಲ್ಕು, ಕೊಟ್ಟದ್ದು ಮೂರು. ಎಲ್ಲಿಯೂ ಒಂದು ನಾಣ್ಯದ ಲೆಕ್ಕವಿಲ್ಲ, ಬರೀ ಎಷ್ಟು ಪಟ್ಟು ಎಂಬುದಿದೆ. ಆದರೂ ಬೀಜಗಣಿತವಿಲ್ಲದೆಯೇ ಇದನ್ನು ಬಿಡಿಸಬಹುದು. ಚೀಲ ಮತ್ತು ಮೂವರ ಹಣ ಎಲ್ಲ ಸೇರಿದ ಮೊತ್ತವನ್ನು 24 ಪಾಲು ಎಂದುಕೊಳ್ಳಿ. ಮೊದಲನೆಯವನಿಗೆ ಚೀಲ ಸಿಕ್ಕರೆ ಅವನಲ್ಲಿ ಎರಡು ಭಾಗ, ಉಳಿದಿಬ್ಬರಲ್ಲಿ ಒಂದು ಭಾಗ. ಅಂದರೆ ಆ ಇಬ್ಬರಲ್ಲಿ ಮೊತ್ತದ ಮೂರನೆಯ ಒಂದು, 8 ಪಾಲು. ಹಾಗೆಯೇ ಎರಡನೆಯವನನ್ನು ಬಿಟ್ಟ ಇಬ್ಬರಲ್ಲಿ ನಾಲ್ಕನೆಯ ಒಂದು, 6 ಪಾಲು. ಮೂರನೆಯವನನ್ನು ಬಿಟ್ಟ ಇಬ್ಬರಲ್ಲಿ ಆರನೆಯ ಒಂದು, 4 ಪಾಲು. ಮೂರನ್ನೂ ಕೂಡಿದರೆ 18. ಇದರಲ್ಲಿ ಪ್ರತಿಯೊಬ್ಬನೂ ಎರಡೆರಡು ಸಲ ಬಂದಿದ್ದಾನೆ. ಆದ್ದರಿಂದ ಮೂವರದೂ ಸೇರಿ 9, ಚೀಲದಲ್ಲಿ 15. ಒಂಬತ್ತರಿಂದ 8, 6, 4 ಕಳೆದರೆ ಒಬ್ಬೊಬ್ಬರದು 1, 3, 5.

ಮಹಾವೀರನ ಉತ್ತರವೂ ಇದೇ: ಚೀಲ 15, ವರ್ತಕರಲ್ಲಿ 1, 3, 5. ಇದು ಪೂರ್ಣಾಂಕಗಳಲ್ಲಿ ದಕ್ಕುವ ಅತಿ ಚಿಕ್ಕ ಉತ್ತರ. 30 ಮತ್ತು 2, 6, 10 ಎಂದರೂ ತಪ್ಪಲ್ಲ. ಪ್ರಮಾಣ ಪೂರ್ತಿ ಗೊತ್ತಾಗಿದೆ, ಪಾಲಿನ ಅಳತೆ ಮಾತ್ರ ಗೊತ್ತಿಲ್ಲ. ಚೀಲದಲ್ಲಿ ಮೊತ್ತದ ಎಂಟರಲ್ಲಿ ಐದು ಭಾಗವಿತ್ತು ಎಂಬುದು ಯಾವ ನಾಣ್ಯಕ್ಕೂ ಸಲ್ಲುವ ಸತ್ಯ. ಎಲ್ಲ ಸೇರಿ ಮೂವತ್ತರಿಂದ ಎಪ್ಪತ್ತರೊಳಗೆ ಪೂರ್ಣ ನಾಣ್ಯಗಳಿದ್ದವು ಎಂದು ಯಾರಾದರೂ ಸೇರಿಸಿದರೆ, 24ರ ಗುಣಕಗಳಲ್ಲಿ 48 ಒಂದೇ ಹೊಂದುತ್ತದೆ. ಆಗ ಚೀಲದಲ್ಲಿ 30 ಎಂದು ನಿಶ್ಚಯವಾಗಿ ಹೇಳಬಹುದು.

ಇದೇ ಲೆಕ್ಕದಲ್ಲಿ ಮತ್ತೊಂದು ಅಂಕಿಯನ್ನೂ ಅಳಿಸಿ ನೋಡೋಣ. ಮೂರನೆಯ ವರ್ತಕ "ಐದರಷ್ಟು" ಎಂದದ್ದು ಕೇಳಿಸಲೇ ಇಲ್ಲ. ಮೊದಲ ಇಬ್ಬರ ಮಾತು ಹಾಗೇ ಇದೆ: ಎರಡನೆಯವ ಮತ್ತು ಮೂರನೆಯವನಲ್ಲಿ 8 ಪಾಲು, ಮೊದಲನೆಯವ ಮತ್ತು ಮೂರನೆಯವನಲ್ಲಿ 6 ಪಾಲು. ಒಂದರಿಂದ ಒಂದನ್ನು ಕಳೆದರೆ ಮೂರನೆಯವನೇ ಲೆಕ್ಕದಿಂದ ಹೊರಟುಹೋಗುತ್ತಾನೆ: ಎರಡನೆಯವನ ಕೈಯಲ್ಲಿ ಮೊದಲನೆಯವನಿಗಿಂತ 2 ಪಾಲು, ಅಂದರೆ ಒಟ್ಟು ಮೊತ್ತದ ಹನ್ನೆರಡನೆಯ ಒಂದು, ಹೆಚ್ಚು. ಮೂರನೆಯವ ಏನು ಹೇಳಿದ್ದರೂ ಈ ಮಾತು ಬದಲಾಗದು. ಎರಡನೆಯವ ಮೊದಲನೆಯವನಿಗಿಂತ ಸಿರಿವಂತ ಎಂಬುದು ಸಿದ್ಧವಾಯಿತು.

ಮೂರನೆಯವ ಎಷ್ಟು ಪಟ್ಟು ಎಂದಿರಬಹುದು ಎಂಬುದಕ್ಕೂ ಮಿತಿಯಿದೆ. ಮೊದಲನೆಯವ ಮತ್ತು ಎರಡನೆಯವ ಸೇರಿ ಎಷ್ಟು ಪಾಲು ಹೊಂದಿದ್ದರೂ ಅದು 2ಕ್ಕಿಂತ ಹೆಚ್ಚಿರಲೇಬೇಕು. ಇಲ್ಲದಿದ್ದರೆ ಮೊದಲನೆಯವನ ಕೈ ಬರಿದಾಗುತ್ತದೆ, ಅಥವಾ ಅವನಲ್ಲಿ ಸೊನ್ನೆಗಿಂತ ಕಡಿಮೆ ಹಣವಿದೆ ಎಂದಾಗುತ್ತದೆ. ಮೂರನೆಯವ "ಹನ್ನೊಂದರಷ್ಟು" ಎಂದಿದ್ದರೆ ಅವರಿಬ್ಬರಲ್ಲಿ 24ರ ಹನ್ನೆರಡನೆಯ ಒಂದು, ಸರಿಯಾಗಿ 2 ಪಾಲು. ಆಗ ಮೊದಲನೆಯವನಲ್ಲಿ ಸೊನ್ನೆ, ಎರಡನೆಯವನಲ್ಲಿ 2, ಮೂರನೆಯವನಲ್ಲಿ 6, ಚೀಲದಲ್ಲಿ 16. ತಾಳೆ ನೋಡಿದರೆ ಲೆಕ್ಕ ಕೂಡುತ್ತದೆ, ಆದರೆ ಕೈಯಲ್ಲಿ ಕಾಸಿಲ್ಲದ ವರ್ತಕನೊಬ್ಬ ಉಳಿಯುತ್ತಾನೆ. ಆದ್ದರಿಂದ ಮೂವರ ಕೈಯಲ್ಲೂ ಹಣವಿದ್ದು, ಹೇಳಿದ್ದು ಪೂರ್ಣಾಂಕವಾಗಿದ್ದರೆ, ಅದು ಒಂದರಿಂದ ಹತ್ತರವರೆಗಿನ ಅಂಕಿ. ನಾಣ್ಯದ ಅಳತೆಯೂ ಇಲ್ಲ, ಮೂರನೆಯವನ ಮಾತೂ ಇಲ್ಲ. ಆದರೂ ಇಷ್ಟನ್ನು ತರ್ಕದಿಂದ ತೋರಿಸಿಕೊಟ್ಟೆವು.

ಇನ್ನು ಈ ದಾರಿಯಲ್ಲಿ ಎಡವುವ ಜಾಗ. ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗರು ಇಲ್ಲದ ಅಂಕಿಗೆ ತಮಗೆ ಅನುಕೂಲವಾದುದನ್ನು ಹಾಕಿಕೊಳ್ಳುತ್ತಾರೆ. ರಸ್ತೆಯ ಲೆಕ್ಕದಲ್ಲಿ ದೂರ 60 ಎಂದಿಟ್ಟರೆ 3 ಗಂಟೆ, 2 ಗಂಟೆ, ಒಟ್ಟು 120 ಕಿಲೋಮೀಟರಿಗೆ 5 ಗಂಟೆ, ಸರಾಸರಿ 24. ಉತ್ತರ ಸರಿ. ಏಕೆ ಸರಿ? ದೂರ ಕೊನೆಗೆ ಹೊರಟುಹೋಗುವುದರಿಂದ. ಅದೇ ಹುಡುಗ "ಒಟ್ಟು ಸಮಯ 5 ಗಂಟೆ" ಎಂದು ಬರೆದರೆ ತಪ್ಪು, ಏಕೆಂದರೆ ಆ 5 ಅವನೇ ಹಾಕಿದ 60ರಿಂದ ಬಂದದ್ದು. ನಾವು 24 ಪಾಲು ಎಂದು ಹಿಡಿದದ್ದೂ ಇಂಥದೇ ಅನುಕೂಲ. ಅದರಿಂದ ಪ್ರಮಾಣ ಹೇಳಬಹುದು, ನಾಣ್ಯ ಹೇಳಲಾಗದು.

ಹಾಗಾದರೆ ಎರಡು ಬೇರೆ ಅಂಕಿ ಹಾಕಿ ನೋಡಿ, ಉತ್ತರ ಒಂದೇ ಬಂದರೆ ಒಪ್ಪಬಹುದೇ? ಅದೂ ಸಾಲದು. ಸುತ್ತಳತೆ 20 ಮೀಟರ್ ಇರುವ ಆಯತದ ವಿಸ್ತೀರ್ಣ ಕೇಳಿದ್ದಾರೆ, ಅಗಲ ಕೊಟ್ಟಿಲ್ಲ ಎನ್ನಿ. ಅಗಲ 4 ಎಂದರೆ ಇನ್ನೊಂದು ಬದಿ 6, ವಿಸ್ತೀರ್ಣ 24. ಅಗಲ 6 ಎಂದರೂ 24. ಎರಡು ಸಲ ಒಂದೇ ಉತ್ತರ ಬಂತೆಂದು ನಿಂತರೆ ಮೋಸ ಹೋಗುತ್ತೇವೆ, 5 ಎಂದು ಹಾಕಿದರೆ 25 ಬರುತ್ತದೆ. ಅಕ್ಷರ ಹಾಕಿದರೆ ಮಾತ್ರ ಪೂರ್ತಿ ಕಾಣುತ್ತದೆ: ಅಗಲ w ಆದರೆ ವಿಸ್ತೀರ್ಣ w(10 − w), ಅದು 25 − (w − 5)² ಕ್ಕೆ ಸಮ. ವರ್ಗ ಸೊನ್ನೆಗಿಂತ ಕಡಿಮೆಯಾಗದು, ಆದ್ದರಿಂದ ವಿಸ್ತೀರ್ಣ 25ನ್ನು ಮೀರದು. ಅಗಲ ತಿಳಿಯದೆ ವಿಸ್ತೀರ್ಣ ಹೇಳಲಾಗದು, ಆದರೆ "25 ಚದರ ಮೀಟರಿಗಿಂತ ಹೆಚ್ಚಿಲ್ಲ" ಎಂಬುದನ್ನು ಸಾಧಿಸಬಹುದು. ಎರಡು ಅಂಕಿ ಹಾಕಿ ಉತ್ತರ ಬೇರೆ ಬೇರೆ ಬಂದರೆ ಇಲ್ಲದ ಅಂಕಿ ಬೇಕೇ ಬೇಕು ಎಂದು ಖಚಿತ. ಒಂದೇ ಬಂದರೆ ಇನ್ನೂ ಏನೂ ಖಚಿತವಲ್ಲ, ಅಕ್ಷರ ಹೊರಟುಹೋಗುವುದನ್ನು ತೋರಿಸಿಯೇ ಮುಗಿಸಬೇಕು.

ನಾನು ಹೇಳಬೇಕೆಂದಿದ್ದ ಮಾತು ಇಷ್ಟೇ. ಒಂದು ಅಂಕಿ ಹೋದಾಗ ಲೆಕ್ಕಕ್ಕೆ ಆಗುವುದು ಒಂದೇ ಬಗೆಯ ನಷ್ಟವಲ್ಲ. ದಾರಿಯ ಸರಾಸರಿಯಲ್ಲಿ ನಷ್ಟವೇ ಇಲ್ಲ. ಚೀಲದ ಲೆಕ್ಕದಲ್ಲಿ ಅಳತೆ ಹೋಗಿ ಪ್ರಮಾಣ ಉಳಿಯಿತು. ಹಣ್ಣಿನ ಲೆಕ್ಕದಲ್ಲಿ, ಪೂರ್ಣ ನಾಣ್ಯವೆಂಬ ಷರತ್ತಿನೊಡನೆ, ಒಂದು ಉತ್ತರದ ಬದಲು ಎರಡಾದವು. ಆಯತದಲ್ಲಿ ಒಂದು ಮಿತಿ ಉಳಿಯಿತು. ಯಾವ ಲೆಕ್ಕದಲ್ಲಿ ಏನು ಉಳಿಯುತ್ತದೆ ಎಂದು ಮೊದಲೇ ಹೇಳಲಾಗದು, ಅಕ್ಷರವಿಟ್ಟು ಕೊನೆಯವರೆಗೆ ನಡೆದು ನೋಡಿಯೇ ತಿಳಿಯಬೇಕು.

ಸಭೆಯಲ್ಲಿ ಶಿಕ್ಷಕರಿದ್ದೀರಿ, ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ತಂದೆತಾಯಿಯರಿದ್ದೀರಿ. ನಿಮ್ಮಲ್ಲಿ ನನ್ನದೊಂದು ವಿನಂತಿ. ಪುಸ್ತಕದ ಒಂದು ಒಳ್ಳೆಯ ಲೆಕ್ಕವನ್ನು ತೆಗೆದುಕೊಳ್ಳಿ. ಅದರ ಒಂದು ಅಂಕಿಯ ಮೇಲೆ ಕಾಗದದ ಚೂರು ಅಂಟಿಸಿ ಮಕ್ಕಳ ಮುಂದಿಡಿ. "ಉತ್ತರ ಎಷ್ಟು" ಎಂದು ಕೇಳಬೇಡಿ, "ಇಷ್ಟರಿಂದ ಏನೇನು ಹೇಳಬಹುದು" ಎಂದು ಕೇಳಿ. ಅಕ್ಷರ ಹಾಕಿ ಸೂತ್ರ ಬರೆದವರಿಗೆ ಅಂಕ ಕೊಡಿ, ಮಿತಿ ಕಂಡುಹಿಡಿದವರಿಗೆ ಕೊಡಿ, ತಾವು ಇಟ್ಟುಕೊಂಡ ಷರತ್ತನ್ನು ಮೊದಲ ಸಾಲಿನಲ್ಲೇ ಬರೆದವರಿಗೂ ಕೊಡಿ. ಎಲ್ಲಿಂದಲೋ ಒಂದು ಅಂಕಿ ತಂದು ಹಾಕಿದವರಿಗೆ ಮಾತ್ರ, ಉತ್ತರ ಪುಸ್ತಕದ ಕೊನೆಯ ಪುಟದೊಂದಿಗೆ ತಾಳೆಯಾದರೂ, ಅಂಕ ಕೊಡಬೇಡಿ.